ಸಾವಿರದ ಒಂದರ ಮೂವರು ಮಕ್ಕಳು: 7, 11, 13ರ ಭಾಜ್ಯತೆ

ಶಾಲೆಯಲ್ಲಿ ಭಾಜ್ಯತೆಯ ನಿಯಮಗಳ ಪಾಠ ನೆನಪಿರುವವರಿಗೆ ಅದರಲ್ಲಿದ್ದ ಒಂದು ಖಾಲಿ ಜಾಗವೂ ನೆನಪಿರುತ್ತದೆ. 2, 3, 4, 5, 6, 8, 9, 10 ಎಲ್ಲಕ್ಕೂ ಒಂದೊಂದು ನಿಯಮ ಸಿಗುತ್ತದೆ, 11ಕ್ಕೂ ಸಿಗುತ್ತದೆ. 7 ಮಾತ್ರ ನಾಪತ್ತೆ. 13ರ ಮಾತಂತೂ ಬರುವುದೇ ಇಲ್ಲ. ಕೇಳಿದರೆ ‘ಅದಕ್ಕೆ ನಿಯಮವಿಲ್ಲ, ಭಾಗಿಸಿಯೇ ನೋಡಬೇಕು’ ಎನ್ನುವುದು ರೂಢಿಯ ಉತ್ತರ. ನಿಜ ಹೇಳಬೇಕೆಂದರೆ 7ಕ್ಕೆ ನಿಯಮಗಳ ಕೊರತೆ ಇಲ್ಲ, ಬೇಕಾದಷ್ಟಿವೆ. ಅವು ಒಂದೊಂದೂ ಬೇರೆ ಬೇರೆ ತಂತ್ರದಂತೆ ಕಾಣುವುದರಿಂದ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಅಷ್ಟೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇರುವುದು ಎರಡೇ ಜಾತಿ. ಒಂದು, ಸಂಖ್ಯೆಯನ್ನು ಸ್ಥಾನಬೆಲೆಯ ಪ್ರಕಾರ ಮಡಿಚಿ ಚಿಕ್ಕದು ಮಾಡುವುದು. ಇನ್ನೊಂದು, ಬಲತುದಿಯ ಅಂಕಿಯನ್ನು ಕತ್ತರಿಸುತ್ತಾ ಬರುವುದು. ಎರಡಕ್ಕೂ ಇರುವ ವ್ಯತ್ಯಾಸ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು.

ಮೊದಲು 11. ಯಾವ ಸಂಖ್ಯೆಯಾದರೂ ಬಿಡಿ, ಹತ್ತು, ನೂರು, ಸಾವಿರಗಳ ಮೊತ್ತ. 10 ಎಂದರೆ 11ಕ್ಕೆ ಒಂದು ಕಡಿಮೆ. 100 ಎಂದರೆ 99ಕ್ಕೆ ಒಂದು ಹೆಚ್ಚು, ಆ 99 ಹನ್ನೊಂದರ ಮಗ್ಗಿಯಲ್ಲಿದೆ. 1000 ಎಂದರೆ 1001ಕ್ಕೆ ಒಂದು ಕಡಿಮೆ, 10000 ಎಂದರೆ 9999ಕ್ಕೆ ಒಂದು ಹೆಚ್ಚು. ಹೀಗೆ ಹನ್ನೊಂದುಗಳನ್ನೆಲ್ಲ ತೆಗೆದುಹಾಕಿದರೆ ಬಿಡಿ ಸ್ಥಾನದಲ್ಲಿ +1, ಹತ್ತರಲ್ಲಿ −1, ನೂರರಲ್ಲಿ +1, ಸಾವಿರದಲ್ಲಿ −1 ಉಳಿಯುತ್ತದೆ. ಬಲದಿಂದ ಶುರುಮಾಡಿ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆಯುತ್ತಾ ಹೋಗುವ ನಿಯಮ ಬಂದದ್ದು ಇಲ್ಲಿಂದಲೇ. 91,828ನ್ನು ತೆಗೆದುಕೊಳ್ಳಿ: 8 − 2 + 8 − 1 + 9 = 22. ಇದು ಹನ್ನೊಂದರ ಮಗ್ಗಿಯಲ್ಲಿರುವುದರಿಂದ 91,828 ಕೂಡ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧ 8,348.

ಇಲ್ಲಿ ಮಕ್ಕಳು ಮುಗ್ಗರಿಸುವ ಜಾಗ ಎರಡು. ಉತ್ತರ ಸೊನ್ನೆಯೇ ಬರಬೇಕು ಎಂದುಕೊಂಡು 22 ಬಂದಾಗ ‘ಭಾಗವಾಗುವುದಿಲ್ಲ’ ಎಂದು ಬರೆಯುವುದು ಒಂದು. ಎಡದಿಂದ ಎಣಿಸುವುದು ಇನ್ನೊಂದು. ಭಾಗವಾಗುತ್ತದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾದರೆ ಎಡದಿಂದ ಎಣಿಸಿದರೂ ನಷ್ಟವಿಲ್ಲ. ಹೆಚ್ಚೆಂದರೆ ಉತ್ತರದ ಚಿಹ್ನೆ ಬದಲಾಗುತ್ತದೆ. ಆದರೆ ಶೇಷ ಎಷ್ಟು ಎಂದು ಕೇಳಿದರೆ ಕೆಡುತ್ತದೆ. 12ನ್ನೇ ನೋಡಿ: ಬಲದಿಂದ 2 − 1 = 1, ಶೇಷ ಸರಿಯಾಗಿದೆ. ಎಡದಿಂದ 1 − 2 = −1, ಅಂದರೆ ಶೇಷ 10 ಎಂದಾಯಿತು. ಅದು ತಪ್ಪು.

ಹನ್ನೊಂದರ ಪರೀಕ್ಷೆಗೆ ಒಂಬತ್ತರ ಪರೀಕ್ಷೆಗಿಲ್ಲದ ಗುಣವೊಂದಿದೆ. ಲೆಕ್ಕ ಬರೆಯುವಾಗ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗುವುದು ದಿನನಿತ್ಯದ ತಪ್ಪು. 4,572 ಬರೆಯುವಲ್ಲಿ 4,752 ಬರೆದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಒಂಬತ್ತರ ತಾಳೆ ಅದನ್ನು ಹಿಡಿಯುವುದಿಲ್ಲ. ಎರಡಕ್ಕೂ ಇರುವ ಅಂತರ 180. ಅದು 9ರ ಅಪವರ್ತ್ಯ, 11ರದ್ದಲ್ಲ. ಆದ್ದರಿಂದ ಹನ್ನೊಂದರ ತಾಳೆ ಹಾಕಿದರೆ ತಪ್ಪು ಸಿಕ್ಕಿಬೀಳುತ್ತದೆ. ಹಳೆಯ ಪುಸ್ತಕಗಳ ಬೆನ್ನಿನ ಮೇಲಿರುವ ಹತ್ತಂಕಿಯ ಐಎಸ್‌ಬಿಎನ್ ಕೂಡ 11ರ ಶೇಷದ ಮೇಲೆಯೇ ನಿಂತದ್ದು. ಅಲ್ಲಿ +1, −1ರ ಬದಲು ಪ್ರತಿ ಸ್ಥಾನಕ್ಕೂ ಬೇರೆ ಗುಣಕ ಇಟ್ಟಿದ್ದಾರೆ. ಬರೀ +1, −1 ಇಟ್ಟರೆ ಒಂದು ಬಿಟ್ಟು ಒಂದರ ಅದಲುಬದಲು ತಪ್ಪಿಸಿಕೊಳ್ಳುತ್ತದೆ.

ಈಗ 7. ಇಲ್ಲಿ 10ರ ಶೇಷ 3. ಒಂದರ ಹತ್ತಿರ ಇಲ್ಲ, ಮೈನಸ್ ಒಂದರ ಹತ್ತಿರವೂ ಇಲ್ಲ. ಶಾಲೆಯ ಪಟ್ಟಿಯಿಂದ 7 ಬಿದ್ದುಹೋದದ್ದು ಇದರಿಂದಲೇ. ಆದರೂ ವಿಚಾರ ಅದೇ. 1, 10, 100, 1000 ಎಂದು ಮುಂದುವರಿದರೆ 7ರಿಂದ ಭಾಗಿಸಿದಾಗ ಉಳಿಯುವ ಶೇಷಗಳು 1, 3, 2, 6, 4, 5. ಆಮೇಲೆ ಮತ್ತೆ 1ರಿಂದ ಅದೇ ಸುತ್ತು. ಪ್ರತಿ ಶೇಷವನ್ನೂ ಹಿಂದಿನದರಿಂದ ಪಡೆಯಬಹುದು: 3ನ್ನು ಹತ್ತರಿಂದ ಗುಣಿಸಿದರೆ 30, ಅದರಲ್ಲಿ 28 ತೆಗೆದರೆ 2, 2ರಿಂದ 20, ಅದರಲ್ಲಿ 14 ತೆಗೆದರೆ 6. ಬಿಡಿಯನ್ನು 1ರಿಂದ, ಹತ್ತರ ಅಂಕಿಯನ್ನು 3ರಿಂದ, ನೂರರ ಅಂಕಿಯನ್ನು 2ರಿಂದ ಗುಣಿಸಿ ಕೂಡಿದರೆ ಶೇಷ ಸರಿಯಾಗಿ ಸಿಗುತ್ತದೆ. ಫ್ರಾನ್ಸಿನ ಪ್ಯಾಸ್ಕಲ್ ಈ ವಿಧಾನವನ್ನು ಯಾವ ಭಾಜಕಕ್ಕೆ ಬೇಕಾದರೂ ಹೊಂದುವಂತೆ ಲ್ಯಾಟಿನ್‌ನಲ್ಲಿ ಒಂದು ಪುಟ್ಟ ಪ್ರಬಂಧವಾಗಿ ಬರೆದಿಟ್ಟ. ಅದು ಹೊರಬಂದದ್ದು ಅವನು ತೀರಿಕೊಂಡ ಮೇಲೆ, 1665ರಲ್ಲಿ. ಸಿದ್ಧಾಂತದ ದೃಷ್ಟಿಯಿಂದ ವಿಷಯ ಅಲ್ಲಿಗೇ ಮುಗಿಯಿತು ಎನ್ನಬಹುದು. ಆದರೆ 6, 4, 5ರಿಂದ ಗುಣಿಸುತ್ತಾ ಕೂರುವುದಕ್ಕಿಂತ ನೇರವಾಗಿ ಭಾಗಿಸುವುದೇ ವಾಸಿ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಆ ಶೇಷಗಳನ್ನು ಸ್ವಲ್ಪ ಬದಲಿಸಿ ಬರೆದರೆ ಒಳಗಿನ ಕಟ್ಟು ಕಾಣುತ್ತದೆ. 6 ಎನ್ನುವ ಬದಲು −1, 4ರ ಬದಲು −3, 5ರ ಬದಲು −2 ಎನ್ನಿ; ಏಳನ್ನು ಕಳೆದದ್ದಷ್ಟೇ, ಮೋಸವಿಲ್ಲ. ಆಗ ಸಾಲು 1, 3, 2, −1, −3, −2 ಆಗುತ್ತದೆ. ಮೊದಲ ಮೂರೇ ಚಿಹ್ನೆ ಬದಲಿಸಿಕೊಂಡು ಮತ್ತೆ ಬಂದಿವೆ. 13ಕ್ಕೆ ಇದೇ ಲೆಕ್ಕ ಮಾಡಿದರೆ 1, −3, −4, −1, 3, 4. ಅಲ್ಲೂ ಅದೇ ಆಟ. 11ರ ಸಾಲು 1, −1, 1, −1, 1, −1. ನಾಲ್ಕನೆಯ ಜಾಗದಲ್ಲಿ ಅಲ್ಲೂ −1. ಮೂರೂ ಸಂಖ್ಯೆಗಳಿಗೆ ಸಾವಿರ ಎಂದರೆ ಮೈನಸ್ ಒಂದು. ಇದು ಆಕಸ್ಮಿಕವಲ್ಲ: 7 × 11 = 77, 77 × 13 = 1001. ಸಾವಿರಕ್ಕೆ ಒಂದು ಸೇರಿಸಿದರೆ ಮೂರರಿಂದಲೂ ನಿಶ್ಶೇಷ.

ಅಂದಮೇಲೆ ಅಂಕಿಗಳನ್ನು ಒಂದೊಂದಾಗಿ ನೋಡುವ ಅಗತ್ಯವೇ ಇಲ್ಲ. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಗುಂಪುಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆದರೆ ಮುಗಿಯಿತು. ಉಳಿದ ಚಿಕ್ಕ ಸಂಖ್ಯೆಗೆ ಮೂರು ಭಾಜಕಗಳಿಂದ ಬರುವ ಶೇಷವೇ ಮೂಲ ಸಂಖ್ಯೆಯ ಶೇಷ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಇದನ್ನೇ ಹಿಡಿದು ನೋಡೋಣ. ಗುಂಪುಗಳು 61, 095, 297. ಬಲದಿಂದ 297 − 95 + 61 = 263. ಈ 263ನ್ನು 7ರಿಂದ ಭಾಗಿಸಿದರೆ ಶೇಷ 4, 11ರಿಂದ 10, 13ರಿಂದ 3. ಎಂಟಂಕಿಯ ಸಂಖ್ಯೆಯ ಮೂರು ಶೇಷಗಳು ಒಂದು ವ್ಯವಕಲನ, ಒಂದು ಸಂಕಲನದಲ್ಲಿ ಕೈಗೆ ಬಂದವು.

ನಮ್ಮ ಓದುಗರು ಎಡವುವುದು ಈ ಗುಂಪು ಮಾಡುವಲ್ಲಿ. ನಾವು ಅಲ್ಪವಿರಾಮ ಹಾಕುವುದು ಲಕ್ಷ, ಕೋಟಿಗಳ ಲೆಕ್ಕದಲ್ಲಿ. ಕೊನೆಯ ಮೂರು ಅಂಕಿ ಬಿಟ್ಟರೆ ಮಿಕ್ಕದ್ದೆಲ್ಲ ಎರಡೆರಡು. 6,10,95,297 ಎಂದು ಬರೆದದ್ದನ್ನು ಹಾಗೆಯೇ ನೋಡಿ 297 − 95 + 10 − 6 ಮಾಡಿದರೆ 206 ಬರುತ್ತದೆ, ಅದರಿಂದ ಬರುವ ಮೂರು ಶೇಷಗಳೂ ತಪ್ಪು. ಅಲ್ಪವಿರಾಮವನ್ನು ಮರೆತು ಮತ್ತೆ ಮೂರು ಮೂರಾಗಿ ಕಟ್ಟಿಕೊಳ್ಳಬೇಕು.

ಅಥವಾ ನಮ್ಮ ಅಲ್ಪವಿರಾಮಕ್ಕೇ ಹೊಂದುವ ನಿಯಮ ಮಾಡಿಕೊಳ್ಳಬಹುದು. ಪಠ್ಯಪುಸ್ತಕಗಳು ಇದನ್ನು ಯಾಕೆ ಹೇಳುವುದಿಲ್ಲವೋ, ಇದು ಬಹಳ ಸಲೀಸು. ಸಾವಿರದಿಂದ ಲಕ್ಷಕ್ಕೆ, ಲಕ್ಷದಿಂದ ಕೋಟಿಗೆ ಹೋಗುವಾಗ ಪ್ರತಿ ಸಲವೂ ನೂರುಪಟ್ಟು. 100ನ್ನು 11ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಸಾವಿರ −1 ಆದರೆ ಲಕ್ಷವೂ −1, ಕೋಟಿಯೂ −1. ಕೊನೆಯ ಮೂರು ಅಂಕಿಯಿಂದ ಉಳಿದ ಗುಂಪುಗಳ ಮೊತ್ತವನ್ನು ಕಳೆದರೆ ಸಾಕು: 297 − (6 + 10 + 95) = 186, ಅದರ ಶೇಷ 10. ಮೊದಲು ಬಂದದ್ದೇ. 7ಕ್ಕೆ 100ರ ಶೇಷ 2, ಏಕೆಂದರೆ 98 ಅದರ ಮಗ್ಗಿಯಲ್ಲಿದೆ. ಆದ್ದರಿಂದ ಎಡದಿಂದ ದುಪ್ಪಟ್ಟು ಮಾಡುತ್ತಾ ಮುಂದಿನ ಗುಂಪನ್ನು ಸೇರಿಸುತ್ತಾ ಬನ್ನಿ. ಕೋಟಿಯ 6ರ ದುಪ್ಪಟ್ಟು 12, ಲಕ್ಷದ 10 ಸೇರಿ 22. ಅದರ ದುಪ್ಪಟ್ಟು 44, ಸಾವಿರದ 95 ಸೇರಿ 139. ಕೊನೆಗೆ 297 − 139 = 158, ಶೇಷ 4. ಇದೂ ತಾಳೆಯಾಯಿತು. 13ಕ್ಕೆ ದುಪ್ಪಟ್ಟಿನ ಜಾಗದಲ್ಲಿ −4ರಿಂದ ಗುಣಿಸಬೇಕು, ಯಾಕೆಂದರೆ 104ರಲ್ಲಿ ನಾಲ್ಕು ಕಡಿಮೆಯಾದರೆ 100. ಚಿಹ್ನೆ ಹಿಂದುಮುಂದಾಗುವ ಈ ಲೆಕ್ಕ ಬಾಯಲ್ಲಿ ಮಾಡಲು ಕಿರಿಕಿರಿ. 13ಕ್ಕಾದರೆ ಮೂರು ಮೂರರ ಗುಂಪೇ ಮೇಲು.

ಸಾವಿರದ ಒಂದರ ನೆರಳು ನಮ್ಮ ಹಳೆಯ ಗಣಿತದಲ್ಲೂ ಇದೆ. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ, ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳ ಲೆಕ್ಕಗಳಿವೆ. ಅವುಗಳಲ್ಲಿ ಒಂದು 142857143 × 7 = 1000000001. ಇದು ಭಾಜ್ಯತೆಯ ನಿಯಮವಲ್ಲ, ಅಂದದ ಗುಣಾಕಾರ ಅಷ್ಟೆ. ಆದರೆ ಆ ಗುಣಲಬ್ಧವನ್ನು ಮೂರು ಮೂರಾಗಿ ಮಡಿಚಿ ನೋಡಿ: 001 − 000 + 000 − 1 = 0. ಹಾಗಾಗಿ ಈ ಹಾರ 7ರಿಂದ ಮಾತ್ರವಲ್ಲ, 11 ಮತ್ತು 13ರಿಂದಲೂ ನಿಶ್ಶೇಷವಾಗಿ ಭಾಗವಾಗಲೇಬೇಕು. ಮಾಡಿ ನೋಡಿದರೆ ಭಾಗಲಬ್ಧಗಳು 90909091 ಮತ್ತು 76923077.

142857 ಎಂಬ ಅಂಕಿಗಳು ಅಲ್ಲಿ ಸುಮ್ಮನೆ ಬಂದಿಲ್ಲ. 1ನ್ನು 7ರಿಂದ ಭಾಗಿಸುತ್ತಾ ಹೋದರೆ 0.142857 142857 ಎಂದು ಆರಂಕಿಯ ಸುತ್ತು ಬರುತ್ತದೆ. ಅದನ್ನು ನಡುವೆ ಮುರಿದು ಕೂಡಿದರೆ 142 + 857 = 999. 13ರಲ್ಲೂ ಹೀಗೆಯೇ: 1/13 = 0.076923…, 076 + 923 = 999. ಕಾರಣ ಮತ್ತೆ ಆ −1. ಮೂರು ಅಂಕಿ ಇಳಿಸಿಕೊಂಡ ಮೇಲೆ ಉಳಿಯುವ ಶೇಷ ಎಂದರೆ ಸಾವಿರದ ಶೇಷ, ಅದು 7ಕ್ಕೆ 6. ಅಲ್ಲಿಂದ ಮುಂದೆ ಬರುವ ಅಂಕಿಗಳು 6/7ರವು. 1/7 ಮತ್ತು 6/7 ಸೇರಿದರೆ ಪೂರ್ತಿ 1, ಅಂದರೆ 0.999999… ಆದ್ದರಿಂದ ಮೊದಲ ಮೂರಂಕಿಗೆ ನಂತರದ ಮೂರಂಕಿ ಸೇರಿ 999 ಆಗದೆ ಗತಿಯಿಲ್ಲ.

ಇನ್ನು ಎರಡನೆಯ ಜಾತಿ. ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ 7ರ ನಿಯಮ ಎಂದು ಅಚ್ಚಾಗಿರುವುದು ಸಾಮಾನ್ಯವಾಗಿ ಇದೇ: ಕೊನೆಯ ಅಂಕಿಯನ್ನು ಕತ್ತರಿಸಿ, ಅದರ ಎರಡರಷ್ಟನ್ನು ಉಳಿದ ಭಾಗದಿಂದ ಕಳೆಯಿರಿ, ಬಂದದ್ದು 7ರಿಂದ ಭಾಗವಾದರೆ ಮೂಲವೂ ಆಗುತ್ತದೆ. 343ನ್ನು ಕೊಟ್ಟರೆ 34 − 6 = 28, ಸರಿ. ಯಾಕೆ ಎರಡು, ಯಾಕೆ ಕಳೆಯಬೇಕು ಎಂದು ಅಲ್ಲಿ ಬರೆದಿರುವುದಿಲ್ಲ. ಕೊನೆಯ ಅಂಕಿ b, ಉಳಿದ ಭಾಗ a ಎಂದಿಟ್ಟುಕೊಂಡರೆ ಸಂಖ್ಯೆ 10a + b. ಇದನ್ನೇ ಹೀಗೆ ಬರೆಯಬಹುದು:

10a + b = 10(a − 2b) + 21b

21b ಏಳರಿಂದ ಹೇಗೂ ಭಾಗವಾಗುತ್ತದೆ, ಅದರ ಚಿಂತೆ ಬೇಡ. ಉಳಿದದ್ದು 10(a − 2b). ಇದು 7ರಿಂದ ಭಾಗವಾಗಬೇಕಾದರೆ a − 2b ಭಾಗವಾಗಲೇಬೇಕು, ಯಾಕೆಂದರೆ 10ಕ್ಕೂ 7ಕ್ಕೂ ಸಮಾನ ಅಪವರ್ತನ ಏನೂ ಇಲ್ಲ. 10ರಿಂದ ಗುಣಿಸಿದ ಮಾತ್ರಕ್ಕೆ ಇಲ್ಲದ ಏಳು ಬರುವುದಿಲ್ಲ, ಇರುವ ಏಳು ಹೋಗುವುದೂ ಇಲ್ಲ. ಈ ಒಂದು ವಾಕ್ಯ ಬಿಟ್ಟರೆ ನಿಯಮ ಒಂದು ದಿಕ್ಕಿಗೆ ಮಾತ್ರ ಸಾಬೀತಾದಂತೆ.

ಹಾಗಾದರೆ ಎರಡು ಬಂದದ್ದು 21ರಿಂದ. ಏಳರ ಮಗ್ಗಿಯಲ್ಲಿ 1ರಲ್ಲಿ ಮುಗಿಯುವ ಸಂಖ್ಯೆ ಹುಡುಕಿದರೆ 21. ಅದರ ಮುಂದಿನ ಭಾಗ 2, ಅಷ್ಟರಿಂದ ಗುಣಿಸಿ ಕಳೆಯಬೇಕು. 9ರಲ್ಲಿ ಮುಗಿಯುವುದು ಹುಡುಕಿದರೆ 49. ಅದಕ್ಕೆ ಒಂದು ಸೇರಿಸಿದರೆ 50, ಹಾಗಾಗಿ 5ರಿಂದ ಗುಣಿಸಿ ಕೂಡಬೇಕು. 13ಕ್ಕೆ 39 ಇದೆ, 40ರಿಂದ 4 ಸಿಗುತ್ತದೆ: ಕೊನೆಯ ಅಂಕಿಯ ನಾಲ್ಕರಷ್ಟನ್ನು ಕೂಡಿ. 91ರಿಂದ ‘ಒಂಬತ್ತರಷ್ಟನ್ನು ಕಳೆಯಿರಿ’ ಎಂಬುದೂ ಸಿಗುತ್ತದೆ, ಆದರೆ 4 ಇರುವಾಗ 9 ಯಾರಿಗೆ ಬೇಕು? 11ಕ್ಕೆ ಅದೇ 11: ಕೊನೆಯ ಅಂಕಿಯನ್ನೇ ಕಳೆಯುವುದು. ಕೂಡುವ ಗುಣಕ ಮತ್ತು ಕಳೆಯುವ ಗುಣಕ ಎರಡೂ ಸೇರಿ ಭಾಜಕವೇ ಆಗುತ್ತದೆ, 2 + 5 = 7, 4 + 9 = 13, 1 + 10 = 11. ಎರಡನ್ನು ಕಳೆಯುವುದೂ ಐದನ್ನು ಕೂಡುವುದೂ ಏಳರ ಕಣ್ಣಿಗೆ ಒಂದೇ.

ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣ ತೀರ್ಥರ ‘ವೇದಿಕ್ ಮ್ಯಾಥಮ್ಯಾಟಿಕ್ಸ್’ 1965ರಲ್ಲಿ ಅಚ್ಚಾಯಿತು. ಈ ಕತ್ತರಿಸುವ ವಿಧಾನಕ್ಕೆ ಅದರಲ್ಲಿ ‘ವೇಷ್ಟನ’ ಎಂಬ ಹೆಸರಿದೆ, 7ಕ್ಕೆ 5, 13ಕ್ಕೆ 4 ಎಂಬ ಗುಣಕಗಳೂ ಇವೆ. ಅಲ್ಲಿನ ಸೂತ್ರಗಳು ಅಥರ್ವವೇದದ ಪರಿಶಿಷ್ಟದವು ಎಂಬ ಮಾತಿಗೆ ಪಠ್ಯದ ಆಧಾರ ಸಿಕ್ಕಿಲ್ಲ; ಲೆಕ್ಕಕ್ಕೆ ಆ ಆಧಾರ ಬೇಕಾಗಿಯೂ ಇಲ್ಲ, 10a + bಯ ಎರಡು ಸಾಲು ಸಾಕು. 2019ರಲ್ಲಿ ಲಂಡನ್ನಿನ ಶಾಲೆಯೊಂದರಲ್ಲಿ ಓದುತ್ತಿದ್ದ ನೈಜೀರಿಯಾ ಮೂಲದ ಹುಡುಗನೊಬ್ಬ ‘ಐದರಷ್ಟನ್ನು ಕೂಡುವ’ ನಿಯಮವನ್ನು ತಾನೇ ಕಂಡುಕೊಂಡ. ಹೊಸ ಶೋಧ ಎಂದು ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಿಯಮ ಹಳೆಯದು. ಆದರೆ ಹೇಳಿಕೊಡದೆ ಅಲ್ಲಿಗೆ ತಲುಪಿದ್ದು ಹುಡುಗನ ಹೆಚ್ಚುಗಾರಿಕೆಯೇ, ಅದನ್ನು ಹಳತು ಎಂದು ಮೂಗು ಮುರಿದವರ ಬಗ್ಗೆ ನನಗೆ ಗೌರವವಿಲ್ಲ.

ಕೂಡುವ ನಿಯಮಗಳಲ್ಲಿ ಒಂದು ತೊಡಕು: ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿರಬೇಕು. 49ಕ್ಕೆ ಐದರ ನಿಯಮ ಹಾಕಿದರೆ 4 + 45 = 49, ಇದ್ದಲ್ಲೇ ಇರುತ್ತೀರಿ. 39ಕ್ಕೆ ನಾಲ್ಕರ ನಿಯಮ ಹಾಕಿದರೆ 3 + 36 = 39. 14ರಿಂದ ಹೊರಟರೆ 21, 7, 35, 28, 42 ಎಂದು ಸುತ್ತಿ ಮತ್ತೆ 14ಕ್ಕೇ ಬರುತ್ತೀರಿ. ಮಗ್ಗಿಯಲ್ಲಿ ಗುರುತು ಸಿಗುವಷ್ಟು ಚಿಕ್ಕದಾದ ಕೂಡಲೇ ನಿಲ್ಲಿಸುವುದು ಲೇಸು.

ಇದಕ್ಕಿಂತ ದೊಡ್ಡ ಎಡವಟ್ಟು ಶೇಷದ್ದು. ಮಡಿಚುವಾಗ ಶೇಷ ಉಳಿಯುತ್ತದೆ, ಕತ್ತರಿಸುವಾಗ ಉಳಿಯುವುದಿಲ್ಲ. ಕರ್ನಾಟಕದ ಜನಸಂಖ್ಯೆಗೇ ಎರಡರ ನಿಯಮ ಹಾಕೋಣ. 61095297ರಲ್ಲಿ 7ನ್ನು ಕತ್ತರಿಸಿ 14 ಕಳೆದರೆ 6109515. ಅದರಲ್ಲಿ 5ನ್ನು ಕತ್ತರಿಸಿ 10 ಕಳೆದರೆ 610941. ಮುಂದೆ 61092, 6105, 600, 60, ಕೊನೆಗೆ 6. ಏಳರಿಂದ ಭಾಗವಾಗುವುದಿಲ್ಲ ಎಂಬ ತೀರ್ಪು ಸರಿ. ಆದರೆ ಶೇಷ 6 ಎಂದು ಬರೆದರೆ ತಪ್ಪು. ನಿಜವಾದ ಶೇಷ 4 ಎಂದು ಆಗಲೇ ನೋಡಿದ್ದೇವೆ. ಮೇಲಿನ ಸಮೀಕರಣದಲ್ಲೇ ಕಾರಣ ಇದೆ: ಮೂಲ ಸಂಖ್ಯೆ ಹೊಸ ಸಂಖ್ಯೆಗಲ್ಲ, ಅದರ ಹತ್ತರಷ್ಟಕ್ಕೆ ಸಮಶೇಷ. ಪ್ರತಿ ಕತ್ತರಿಗೂ ಒಂದು ಹತ್ತು, ಅಂದರೆ ಏಳರ ಲೆಕ್ಕದಲ್ಲಿ ಒಂದು ಮೂರು, ಕಳೆದುಹೋಗುತ್ತಿದೆ. ಏಳು ಸಲ ಕತ್ತರಿಸಿದ್ದೇವೆ, ಏಳು ಸಲ 3ರಿಂದ ಗುಣಿಸಿ ವಾಪಸು ಕೊಡಬೇಕು. ಆದರೆ ಆರು ಸಲ ಹತ್ತರಿಂದ ಗುಣಿಸುವುದೆಂದರೆ ಹತ್ತು ಲಕ್ಷದಿಂದ ಗುಣಿಸಿದಂತೆ, ಅದರ ಶೇಷ 1. ಆದ್ದರಿಂದ ಉಳಿದದ್ದು ಒಂದೇ ಮೂರು: 6 × 3 = 18, ಶೇಷ 4. ಬಂತು.

ಇದರಿಂದ ಒಂದು ಚಂದದ ಸಂಗತಿ ಹೊರಡುತ್ತದೆ. ಆರನೆಯ ಕತ್ತರಿಯ ನಂತರ ಸಿಕ್ಕಿದ್ದು 60. ಅದರ ಶೇಷ 4, ಯಾವ ತಿದ್ದುಪಡಿಯೂ ಬೇಡ. 13ರ ನಾಲ್ಕರ ನಿಯಮವನ್ನು ಇದೇ ಸಂಖ್ಯೆಗೆ ಹಾಕಿದರೆ 6109557, 610983, 61110, 6111, 615, 81. ಆರನೆಯದು 81, ಅದರ ಶೇಷ 3, ಸರಿಯಾದ ಶೇಷವೇ. ಆರು ಕತ್ತರಿಗೊಮ್ಮೆ ಶೇಷ ಮನೆಗೆ ಮರಳುತ್ತದೆ, ಏಕೆಂದರೆ 999999 = 999 × 1001, ಅದರೊಳಗೆ 7ಕ್ಕೂ 13ಕ್ಕೂ ಜಾಗವಿದೆ. ಬೇರೆ ಜಾತಿಯದೆಂದುಕೊಂಡ ನಿಯಮದ ಬುಡದಲ್ಲೂ ಸಾವಿರದ ಒಂದೇ ಕೂತಿದೆ.

ಬಳಕೆಗೆ ಯಾವುದು? ಮೂರಂಕಿಯ ಸಂಖ್ಯೆಯಾದರೆ ಮಗ್ಗಿ ಬರುವವರು ನೇರ ಭಾಗಿಸುವುದೇ ಬೇಗ. ನಾಲ್ಕರಿಂದ ಆರು ಅಂಕಿಗೆ ಒಂದೇ ವ್ಯವಕಲನ: 6,188ರಲ್ಲಿ 188 − 6 = 182, ಅದು 7 × 26, 13 × 14 ಕೂಡ; 11ರಿಂದ ಮಾತ್ರ ಆಗದು. ದೊಡ್ಡ ಸಂಖ್ಯೆಗೆ ಮೊದಲು ಮಡಿಚಿ, ಉಳಿದ ಮೂರಂಕಿಯ ಮೇಲೆ ಬೇಕಿದ್ದರೆ ಕತ್ತರಿ ಆಡಿಸಬಹುದು. ಎಂಟಂಕಿಯ ಸಂಖ್ಯೆಗೆ ಮೊದಲಿನಿಂದಲೇ ಎರಡರ ನಿಯಮ ಹಾಕುತ್ತಾ ಹೋಗುವುದು ವ್ಯರ್ಥ ದುಡಿಮೆ. ಅಷ್ಟೊತ್ತಿಗೆ ಭಾಗಾಕಾರವೇ ಮುಗಿದಿರುತ್ತದೆ.

ಎರಡೂ ಜಾತಿಗೆ ಅವುಗಳದೇ ಮಿತಿ ಇದೆ. ಕತ್ತರಿಸುವ ವಿಧಾನ 2 ಅಥವಾ 5 ಅಪವರ್ತನವಾಗಿರುವ ಭಾಜಕಕ್ಕೆ ನಡೆಯದು. 15ರ ಮಗ್ಗಿಯಲ್ಲಿ 1ರಲ್ಲೋ 9ರಲ್ಲೋ ಮುಗಿಯುವ ಸಂಖ್ಯೆಯೇ ಇಲ್ಲ, ಗುಣಕ ಸಿಗುವುದು ಎಲ್ಲಿಂದ? ಮಡಿಚುವ ವಿಧಾನ ಎಲ್ಲದಕ್ಕೂ ನಡೆಯುತ್ತದೆ, ಆದರೆ ಲಾಭ ಕೊಡುವುದು 10ರ ಯಾವುದೋ ಚಿಕ್ಕ ಘಾತ 1ಕ್ಕೋ −1ಕ್ಕೋ ಬಂದು ನಿಂತಾಗ ಮಾತ್ರ. 37ಕ್ಕೆ ಅದು ಬೇಗ ಸಿಗುತ್ತದೆ: 999 = 27 × 37, ಹಾಗಾಗಿ ಮೂರು ಮೂರರ ಗುಂಪುಗಳನ್ನು ಸುಮ್ಮನೆ ಕೂಡಿದರಾಯಿತು. ಪಕ್ಕದ 17 ಹಾಗಲ್ಲ. ಅದಕ್ಕೆ −1 ಮೊದಲ ಸಲ ಸಿಗುವುದು ಹತ್ತು ಕೋಟಿಯಲ್ಲಿ, 100000001 = 17 × 5882353. ಎಂಟೆಂಟು ಅಂಕಿಗಳ ಗುಂಪು ಮಾಡಬೇಕು. ಕರ್ನಾಟಕದ ಜನಸಂಖ್ಯೆ ಇಡೀ ಒಂದೇ ಗುಂಪಾಗುತ್ತದೆ, ಮಡಿಚಲು ಏನೂ ಇರುವುದಿಲ್ಲ. ಅಲ್ಲಿ 51ನ್ನು ಹಿಡಿದು, ಕೊನೆಯ ಅಂಕಿಯ ಐದರಷ್ಟನ್ನು ಕಳೆಯುತ್ತಾ ಕತ್ತರಿಸುವುದೇ ದಾರಿ.